ನಿಮಗಿದು ಗೊತ್ತೆ? ಉಬ್ಬರ ಚಂದ್ರನದು, ಎತ್ತರ ಕರಾವಳಿಯದು

ಚಂದ್ರನತ್ತ ಇರುವ ಸಮುದ್ರವನ್ನು ಚಂದ್ರ ಹೆಚ್ಚು ಸೆಳೆಯುತ್ತಾನೆ, ಆಚೆ ಬದಿಯದನ್ನು ಕಡಿಮೆ. ಈ ವ್ಯತ್ಯಾಸದಿಂದಲೇ ಭೂಮಿಯ ಎರಡೂ ಬದಿಯಲ್ಲಿ ನೀರು ಉಬ್ಬುತ್ತದೆ. ಹೆಚ್ಚಿನ ಕಡೆ ಸುಮಾರು 12 ಗಂಟೆ 25 ನಿಮಿಷಕ್ಕೊಮ್ಮೆ ಭರತ ಬರುತ್ತದೆ. ಸೂರ್ಯನ ಸೆಳೆತ ಇನ್ನೂ ದೊಡ್ಡದಲ್ಲವೇ ಎಂದು ಕೇಳಬಹುದು. ನಿಜ, ಆದರೆ ಅವನು ಬಹುದೂರದಲ್ಲಿರುವುದರಿಂದ ಎರಡು ಬದಿಗಳ ನಡುವಿನ ವ್ಯತ್ಯಾಸ ಅತ್ಯಲ್ಪ. ಹಾಗಾಗಿ ಅವನ ಪಾಲು ಚಂದ್ರನದರ ಅರ್ಧಕ್ಕಿಂತ ಕಡಿಮೆ. ಅಮಾವಾಸ್ಯೆ, ಹುಣ್ಣಿಮೆಗಳಲ್ಲಿ ಇಬ್ಬರ ಸೆಳೆತವೂ ಕೂಡಿ ಏರಿಳಿತ ಹೆಚ್ಚುತ್ತದೆ.

ಆದರೆ ನೀರು ಎಷ್ಟು ಎತ್ತರ ಏರಬೇಕೆಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ಕರಾವಳಿಯೇ. ಕೆನಡಾದ ನೋವಾ ಸ್ಕೋಷಿಯಾವನ್ನು ನೋಡಿ. ತೆರೆದ ಸಾಗರದತ್ತ ಮುಖಮಾಡಿದ ಹ್ಯಾಲಿಫ್ಯಾಕ್ಸ್‌ನಲ್ಲಿ ಏರಿಳಿತ ಸುಮಾರು 2 ಮೀಟರ್. ಅಲ್ಲಿಂದ 100 ಕಿ.ಮೀ.ಗಿಂತ ಕಡಿಮೆ ದೂರದ ಫಂಡಿ ಕೊಲ್ಲಿಯ ತುದಿಯಲ್ಲಿ ಸುಮಾರು 16 ಮೀಟರ್. ಎರಡಕ್ಕೂ ಚಂದ್ರ ಒಬ್ಬನೇ. ಕೊಲ್ಲಿ ಒಳಹೋದಂತೆ ಕಿರಿದಾಗಿ, ಆಳ ಕಡಿಮೆಯಾಗುವುದೇ ಕಾರಣವೆಂದರೆ ಅರ್ಧ ಉತ್ತರವಷ್ಟೇ. ಫಂಡಿ ಮತ್ತು ಅದರ ಹೊರಗಿನ ಮೇನ್ ಖಾರಿಯ ನೀರು ಒಟ್ಟಾಗಿ ತೂಗಾಡಿದರೆ ಒಂದು ಸುತ್ತಿಗೆ ಸುಮಾರು 13 ಗಂಟೆ ಬೇಕು; ಇದು ಭರತದ ಅವಧಿಗೆ ಹತ್ತಿರ. ಸರಿಯಾದ ಹೊತ್ತಿಗೆ ತಳ್ಳಿದ ಉಯ್ಯಾಲೆಯಂತೆ, ಸಾಗರದ ಭರತ ಅದನ್ನು ಪ್ರತಿ ಸಲವೂ ಹೆಚ್ಚಿಸುತ್ತದೆ. ತಳದ ಘರ್ಷಣೆ ಮಿತಿ ಹಾಕುತ್ತದೆ. ಗುಜರಾತಿನ ಖಂಭಾತ್ ಕೊಲ್ಲಿಯಲ್ಲಿಯೂ ಕರಾವಳಿಯ ಆಕಾರದಿಂದಾಗಿ ಏರಿಳಿತ 10 ಮೀಟರ್ ಮೀರುತ್ತದೆ. ಅದೇ ಅರಬ್ಬೀ ಸಮುದ್ರದ ಮಂಗಳೂರಿನಲ್ಲಿ 2 ಮೀಟರನ್ನೂ ಮುಟ್ಟುವುದು ಅಪರೂಪ.