ಹತ್ತು ನಿಮಿಷಗಳ ಪ್ರಬಂಧ ಮಂಡನೆ: ಅರ್ಜುನವಾಡ ಶಾಸನದ ನಿದರ್ಶನ

ವಿದ್ವತ್ಪತ್ರಿಕೆಯಲ್ಲಿ ಅಚ್ಚಾದ ಇಪ್ಪತ್ತು ಪುಟಗಳ ಲೇಖನವನ್ನು ಗೋಷ್ಠಿಯಲ್ಲಿ ಹತ್ತು ನಿಮಿಷಗಳಲ್ಲಿ ಮಂಡಿಸಬೇಕಾದಾಗ ಸಾಮಾನ್ಯವಾಗಿ ನಡೆಯುವುದು ಇಷ್ಟು. ಪ್ರಬಂಧಕಾರರು ಮೊದಲ ಪುಟದಿಂದಲೇ ಓದತೊಡಗುತ್ತಾರೆ. ಪೂರ್ವಸೂರಿಗಳ ಅಭಿಪ್ರಾಯಗಳು ಮುಗಿಯುವಷ್ಟರಲ್ಲಿ ಅಧ್ಯಕ್ಷರ ಗಂಟೆ ಕೇಳಿಸುತ್ತದೆ. ತಾವು ಕಂಡುಕೊಂಡದ್ದನ್ನು ಹೇಳದೆಯೇ ವೇದಿಕೆಯಿಂದ ಇಳಿಯುತ್ತಾರೆ. ಲೇಖನವನ್ನು ಓದುವವನು ಹಿಂದಿನ ಪುಟಕ್ಕೆ ಮರಳಬಲ್ಲನು. ಕೇಳುವವನಿಗೆ ಆ ಅನುಕೂಲವಿಲ್ಲ. ಆದುದರಿಂದ ಲೇಖನದ ಕ್ರಮವನ್ನೇ ಬಿಟ್ಟು, ಒಂದು ಪ್ರಶ್ನೆ ಹಾಗೂ ಅದರ ಉತ್ತರ ಎಂಬ ಕಥಾಸೂತ್ರವನ್ನು ಹೊಸದಾಗಿ ಕಟ್ಟಬೇಕಾಗುತ್ತದೆ.

ಬಸವಣ್ಣನವರನ್ನು ಹೆಸರಿಸುವ ಅರ್ಜುನವಾಡ ಶಾಸನವನ್ನು ಕುರಿತ ಲೇಖನವೊಂದನ್ನು ನಿದರ್ಶನವಾಗಿ ಇಟ್ಟುಕೊಳ್ಳಬಹುದು. ಬೆಳಗಾವಿ ಜಿಲ್ಲೆಯ ಹುಕ್ಕೇರಿ ತಾಲ್ಲೂಕಿನ ಈ ಶಾಸನ ಸೇವುಣ ಕನ್ನರನ ಕಾಲದ್ದು, ಕ್ರಿ.ಶ. 1260ರದು. ಬಸವರಾಜನು ತರ್ದವಾಡಿ ನಾಡಿನ ಬಾಗೇವಾಡಿಯ ಒಡೆಯನಾದ ಮಾದಿರಾಜನ ಮಗನೆಂದು ಅದು ತಿಳಿಸುತ್ತದೆ. ಲೇಖನದಲ್ಲಿ ಶಾಸನದ ಪಾಠ, ಛಂದಸ್ಸು, ದಾನದ ವಿವರ, ವಂಶಾವಳಿ, ಲಿಪಿವಿಚಾರ ಎಲ್ಲವೂ ಇರುತ್ತವೆ, ಇರಲೇಬೇಕು. ಮಂಡನೆಗೆ ಬೇಕಾದುದು ಒಂದೇ ಪ್ರಶ್ನೆ: ಹರಿಹರನ ‘ಬಸವರಾಜದೇವರ ರಗಳೆ’ ಹೇಳುವ ಬಾಗೇವಾಡಿಯ ನಂಟಿಗೆ ಕಾವ್ಯದ ಹೊರಗೆ ಕಲ್ಲಿನ ಸಾಕ್ಷ್ಯವಿದೆಯೆ?

ಈ ಪ್ರಶ್ನೆಯನ್ನು ಮೊದಲ ನಿಮಿಷದಲ್ಲಿಯೂ, ‘ಇದೆ’ ಎಂಬ ಉತ್ತರವನ್ನು ಎರಡನೆಯ ನಿಮಿಷದಲ್ಲಿಯೂ ಹೇಳಿಬಿಡಬೇಕು. ಉತ್ತರವನ್ನು ಕೊನೆಯವರೆಗೆ ಬಚ್ಚಿಡುವುದು ಕಾದಂಬರಿಗೆ ಒಪ್ಪುತ್ತದೆ, ಗೋಷ್ಠಿಗೆ ಒಪ್ಪುವುದಿಲ್ಲ. ಅನಂತರದ ನಾಲ್ಕು ನಿಮಿಷಗಳು ಶಾಸನದ ಆ ಒಂದು ವಾಕ್ಯಕ್ಕೆ ಮೀಸಲು. ದಾನದ ವಿವರವನ್ನೂ ಛಂದಸ್ಸನ್ನೂ ಬಿಡಬೇಕಾಗುವುದು. ವರ್ಷಗಟ್ಟಲೆ ದುಡಿದು ಸಂಪಾದಿಸಿದ ಸಾಮಗ್ರಿಯನ್ನು ಬಿಡುವಾಗ ಮನಸ್ಸು ನೋಯುವುದು ಸಹಜ.

ಆದರೆ ಬಿಡಬಾರದ ಸಂಗತಿಯೊಂದುಂಟು. ಶಾಸನವು ಮಾದಿರಾಜನನ್ನು ಬಾಗೇವಾಡಿಯ ಒಡೆಯನೆನ್ನುತ್ತದೆಯೇ ಹೊರತು, ಬಸವಣ್ಣನವರು ಅಲ್ಲಿಯೇ ಹುಟ್ಟಿದರೆನ್ನುವುದಿಲ್ಲ. ಇಂಗಳೇಶ್ವರವು ಜನ್ಮಸ್ಥಳವೆಂಬ ಪರಂಪರೆಯನ್ನು ಅದು ಎತ್ತಿಹಿಡಿಯುವುದೂ ಇಲ್ಲ, ಅಲ್ಲಗಳೆಯುವುದೂ ಇಲ್ಲ. ಮೇಲಾಗಿ ಶಾಸನವು ಬಸವಣ್ಣನವರ ಕಾಲಕ್ಕಿಂತ ಸುಮಾರು ಒಂದು ಶತಮಾನ ಈಚಿನದು. ಲೇಖನದಲ್ಲಿ ಅಡಿಟಿಪ್ಪಣಿಯಾಗಿದ್ದ ಈ ಮಾತು ಅವಸರದಲ್ಲಿ ಉದುರಿಹೋದರೆ, ‘ಒಡೆಯನ ಮಗ’ ಎಂಬುದು ‘ಅಲ್ಲಿ ಹುಟ್ಟಿದವನು’ ಎಂದಾಗುತ್ತದೆ. ಸಭೆಯಲ್ಲಿ ಬಾಗೇವಾಡಿಯವರೂ ಇಂಗಳೇಶ್ವರದವರೂ ಕುಳಿತಿದ್ದರಂತೂ ಉಳಿದ ಸಮಯವೆಲ್ಲ ಆ ವಾಗ್ವಾದಕ್ಕೇ ಸಂದುಹೋಗುವುದು. ಆದ್ದರಿಂದ ಏಳು ಮತ್ತು ಎಂಟನೆಯ ನಿಮಿಷಗಳು ಈ ಮಿತಿಯನ್ನು ಹೇಳುವುದಕ್ಕೆ.

ಪರದೆಯ ಮೇಲೆ ತೋರಿಸುವ ಸ್ಲೈಡುಗಳು ಮೂರು ಸಾಕು. ಮೊದಲನೆಯದು ನಕ್ಷೆ. ಮೈಸೂರು, ಮಂಗಳೂರುಗಳಿಂದ ಬಂದವರಿಗೆ ತರ್ದವಾಡಿ ಎಂದರೆ ದಿಕ್ಕು ತೋಚದು; ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ ಎಂಬ ಪರಿಚಿತ ಹೆಸರುಗಳನ್ನು ಗುರುತಿಸಿ, ಇಂಡಿಯ ಕಡೆಯ ತದ್ದೇವಾಡಿಯನ್ನೂ ದೂರದ ಅರ್ಜುನವಾಡವನ್ನೂ ತೋರಿಸಿದರೆ ಸಾಕು. ಎರಡನೆಯದು ಶಾಸನದ ಚಿತ್ರ. ಇಡೀ ಕಲ್ಲನ್ನು ತೋರಿಸಿದರೆ ಹಿಂದಿನ ಸಾಲಿನವರಿಗೆ ಅದು ಕಪ್ಪು ಮಚ್ಚೆಯಾಗಿ ಕಾಣುತ್ತದೆ. ಬೇಕಾದ ಸಾಲನ್ನು ಮಾತ್ರ ದೊಡ್ಡದು ಮಾಡಿ, ಕೆಳಗೆ ಇಂದಿನ ಲಿಪಿಯಲ್ಲಿ ಅದರ ಪಾಠವನ್ನು ಕೊಡಬೇಕು. ಮೂರನೆಯದರಲ್ಲಿ ಎರಡು ವಾಕ್ಯಗಳು: ಶಾಸನ ಹೇಳುವುದೇನು, ಹೇಳದಿರುವುದೇನು. ಮಾತನಾಡುವುದನ್ನೆಲ್ಲ ಸ್ಲೈಡಿನ ಮೇಲೆ ಅಚ್ಚೊತ್ತಿದರೆ ಸಭಿಕರು ಓದುತ್ತಾರೆ, ಕೇಳುವುದಿಲ್ಲ.

ಕನ್ನಡದ ಪದಗಳು ಸಮಾಸ, ಪ್ರತ್ಯಯಗಳಿಂದ ನೀಳವಾದವು. ಗೋಷ್ಠಿಯ ಗತಿಯಲ್ಲಿ ನಿಮಿಷಕ್ಕೆ ಸುಮಾರು 90 ಪದಗಳೆಂದು ಎಣಿಸಿದರೆ, ಎಂಟೂವರೆ ನಿಮಿಷಗಳಿಗೆ 750 ಪದಗಳ ಬರಹ ಸಾಲುತ್ತದೆ. ಉಳಿದ ಒಂದೂವರೆ ನಿಮಿಷ ವಂದನೆಗೆ, ಧ್ವನಿವರ್ಧಕ ಸರಿಪಡಿಸುವುದಕ್ಕೆ, ಸ್ಲೈಡು ಬದಲಿಸುವುದಕ್ಕೆ ಹೇಗೂ ಬೇಕು. ಮನಸ್ಸಿನಲ್ಲಿ ಓದಿ ಕಾಲವನ್ನು ಅಳೆದರೆ ಮೋಸಹೋಗುವುದು ಖಂಡಿತ. ನಿಂತು, ಗಟ್ಟಿಯಾಗಿ, ಗಡಿಯಾರವನ್ನು ಎದುರಿಗಿಟ್ಟು ಓದಬೇಕು.

ಕಥಾಸೂತ್ರ ಕೂಡಿಬಂದಿದೆಯೆ ಎಂಬುದನ್ನು ತಿಳಿಯಲು ಬೇರೆ ವಿಷಯದ ಅಧ್ಯಾಪಕರೊಬ್ಬರಿಗೆ ಅದನ್ನು ಕೇಳಿಸಬೇಕು. ಗಣಿತದವರಾದರೆ ಇನ್ನೂ ಒಳ್ಳೆಯದು. ಮರುದಿನ ‘ಏನು ಕೇಳಿದಿರಿ’ ಎಂದು ವಿಚಾರಿಸಿದಾಗ ‘ಯಾವುದೋ ಶಾಸನದ ವಿಷಯ’ ಎಂದರೆ ಪ್ರಶ್ನೆ ಮೂಡಿಲ್ಲ. ‘ಬಸವಣ್ಣನವರು ಬಾಗೇವಾಡಿಯಲ್ಲಿ ಹುಟ್ಟಿದ್ದು ಸಿದ್ಧವಾಯಿತು’ ಎಂದರೆ ಮಿತಿ ಮೂಡಿಲ್ಲ. ಏಳನೆಯ ನಿಮಿಷವನ್ನು ತಿದ್ದಿ ಬರೆಯಬೇಕು. ಬಿಟ್ಟ ವಂಶಾವಳಿಯನ್ನೂ ಪೂರ್ಣಪಾಠವನ್ನೂ ಮೂರನೆಯ ಸ್ಲೈಡಿನ ಹಿಂದೆ ಸಿದ್ಧವಾಗಿಟ್ಟುಕೊಂಡು, ಸಭಿಕರು ಕೇಳಿದಾಗ ಮಾತ್ರ ತೆರೆಯಬಹುದು.