ಅಜ್ಜಿಯ ಮೂಗುಬೊಟ್ಟು ಯಾವ ಕಡೆ?

ಮಲೆನಾಡಿನ ಒಂದು ಹೆಂಚಿನ ಮನೆ. ಜಗಲಿಯಲ್ಲಿ ಕೂತ ಅಜ್ಜಿ ರಸ್ತೆಯತ್ತ ಕಿವಿಗೊಟ್ಟಿದ್ದಾಳೆ. ಬಸ್ಸು ಬರುತ್ತದೆ, ಮೊಮ್ಮಗ ಇಳಿಯುತ್ತಾನೆ, ಅಜ್ಜಿ ಏಳುತ್ತಾಳೆ. ಅರ್ಧ ನಿಮಿಷದ ಈ ಕತೆಯನ್ನು, ಬರೆದುಕೊಟ್ಟದ್ದನ್ನು ವಿಡಿಯೊ ಮಾಡುವ ಯಾವುದಾದರೂ ಎಐ ಸಾಧನಕ್ಕೆ ಕೊಟ್ಟು ಐದು ಶಾಟ್‌ಗಳ ಆನಿಮೇಶನ್ ಮಾಡಿಸಿ ನೋಡಿ. ಬಿಡಿಬಿಡಿಯಾಗಿ ಪ್ರತಿ ಶಾಟೂ ಚೆನ್ನಾಗಿಯೇ ಬರುತ್ತದೆ. ಒಂದರ ಪಕ್ಕ ಒಂದು ಜೋಡಿಸಿದಾಗ ಎಡವಟ್ಟು ಕಾಣುತ್ತದೆ. ಮೊದಲ ಶಾಟಿನ ಅಜ್ಜಿಗೂ ಮೂರನೆಯ ಶಾಟಿನ ಅಜ್ಜಿಗೂ ಹೆಚ್ಚೆಂದರೆ ಅಕ್ಕತಂಗಿಯರಷ್ಟು ಹೋಲಿಕೆ. ಬಲ ಹೊಳ್ಳೆಯಲ್ಲಿದ್ದ ಮೂಗುಬೊಟ್ಟು ಎಡಕ್ಕೆ ಹೋಗಿರುತ್ತದೆ, ಸೆರಗು ಹೆಗಲು ಬದಲಿಸಿರುತ್ತದೆ, ಜಗಲಿಯ ಎರಡು ಕಂಬ ಮೂರಾಗಿರುತ್ತವೆ.

ಕಾರಣ ಸರಳ. ಈ ಸಾಧನಗಳು ಪ್ರತಿ ಕ್ಲಿಪ್ಪನ್ನೂ ಹಳೆಯ ಟಿವಿಯ ಚುಕ್ಕೆಮಳೆಯಂಥ ಗೊಂದಲದಿಂದ ಶುರುಮಾಡಿ, ನಾವು ಬರೆದ ಪ್ರಾಂಪ್ಟಿಗೆ ಹೊಂದುವಂತೆ ಹಂತಹಂತವಾಗಿ ತಿಳಿಗೊಳಿಸುತ್ತ ಚಿತ್ರ ಮೂಡಿಸುತ್ತವೆ. ಒಂದೇ ಕ್ಲಿಪ್ಪಿನೊಳಗಿನ ಚೌಕಟ್ಟುಗಳು ಒಟ್ಟಿಗೆ, ಒಂದನ್ನೊಂದು ನೋಡಿಕೊಂಡು ರೂಪುಗೊಳ್ಳುವುದರಿಂದ ಅಷ್ಟರ ಮಟ್ಟಿಗೆ ಅಜ್ಜಿ ಅಜ್ಜಿಯಾಗಿಯೇ ಉಳಿಯುತ್ತಾಳೆ. ಆದರೆ 2025ರ ಮೇ ತಿಂಗಳಲ್ಲಿ ಬಂದ ಗೂಗಲ್‌ನ ವಿಯೊ 3 ಕೊಡುತ್ತಿದ್ದ ಕ್ಲಿಪ್ಪಿನ ಉದ್ದ 8 ಸೆಕೆಂಡು. ಮುಂದಿನ ಕ್ಲಿಪ್ಪಿಗೆ ಹಿಂದಿನದರ ನೆನಪಿಲ್ಲ. ಅದರ ಕೈಯಲ್ಲಿರುವುದು ನಮ್ಮ ಮಾತು ಮಾತ್ರ, ಮತ್ತು ‘ಹಸಿರು ಸೀರೆಯ ಅಜ್ಜಿ’ ಎಂಬ ಮಾತಿಗೆ ಸರಿಹೊಂದುವ ಅಜ್ಜಿಯರು ಸಾವಿರಾರು. ಪ್ರತಿಸಲ ಅವರಲ್ಲೊಬ್ಬಳು ಬಂದು ಕೂರುತ್ತಾಳೆ.

ಈ ತೊಂದರೆಯನ್ನು ಎದುರಿಸಿದವರಲ್ಲಿ ಟೊರಾಂಟೊದ ‘ಶೈ ಕಿಡ್ಸ್’ ತಂಡದವರೂ ಇದ್ದಾರೆ. ಓಪನ್‌ಎಐ ಸಂಸ್ಥೆಯ ಸೋರಾವನ್ನು ಬಳಸಿ 2024ರಲ್ಲಿ ಅವರು ಮಾಡಿದ ‘ಏರ್ ಹೆಡ್’ ಎಂಬ ಕಿರುಚಿತ್ರದ ನಾಯಕನಿಗೆ ತಲೆಯ ಜಾಗದಲ್ಲಿ ಹಳದಿ ಬಲೂನು. ಮುಖವೇ ಇಲ್ಲದವನ ಮುಖ ಬದಲಾಗುವ ಭಯವಿಲ್ಲ! ಆದರೂ ಬಲೂನಿನ ಬಣ್ಣ ಕ್ಲಿಪ್ಪಿನಿಂದ ಕ್ಲಿಪ್ಪಿಗೆ ಬೇರೆಯಾಗುತ್ತಿತ್ತು, ಕೆಲವೆಡೆ ಅದರ ಮೇಲೆ ಮುಖ ಮೂಡುತ್ತಿತ್ತು, ಬಲೂನು ಎಂದಕೂಡಲೇ ಕೆಳಗೆ ದಾರ ತೂಗುತ್ತಿತ್ತು. ಬೇಡದ್ದನ್ನೆಲ್ಲ ಅವರು ಸಂಕಲನದ ಹೊತ್ತಿನಲ್ಲಿ ಕೈಯಿಂದಲೇ ಅಳಿಸಿ ತಿದ್ದಿದರು. ಬಳಸಿದ ಪ್ರತಿ ನಿಮಿಷದ ಹಿಂದೆ ಸುಮಾರು 300 ನಿಮಿಷದಷ್ಟು ಸರಕು ಇತ್ತೆಂದು ತಂಡದವರೇ ಹೇಳಿಕೊಂಡಿದ್ದಾರೆ.

ಆಮೇಲೆ ಸಾಧನಗಳು ಸುಧಾರಿಸಿದವು. 2025ರ ಮಾರ್ಚ್‌ನಲ್ಲಿ ಬಂದ ರನ್‌ವೇ ಜೆನ್-4ರ ಮುಖ್ಯ ಹೆಗ್ಗಳಿಕೆಯೇ ಪಾತ್ರವನ್ನೂ ಜಾಗವನ್ನೂ ಶಾಟಿನಿಂದ ಶಾಟಿಗೆ ಉಳಿಸಿಕೊಳ್ಳುವುದು. ಮಾತಿನ ಜೊತೆ ಮಾದರಿ ಚಿತ್ರಗಳನ್ನೂ ಕೊಡುವುದು ಈಗ ಬೇರೆ ಸಾಧನಗಳಲ್ಲೂ ಇದೆ. ಹಾಗೆ ನೋಡಿದರೆ ಇದು ಹಳೆಯ ಉಪಾಯ. ಡಿಸ್ನಿ ಸ್ಟುಡಿಯೊದಲ್ಲಿ 1930ರ ದಶಕದಲ್ಲೇ ಪ್ರತಿ ಪಾತ್ರಕ್ಕೂ ‘ಮಾಡೆಲ್ ಶೀಟ್’ ಇರುತ್ತಿತ್ತು. ಹತ್ತಾರು ಕಲಾವಿದರು ಬರೆದರೂ ಪಾತ್ರ ಒಂದೇ ಆಗಿ ಕಾಣಬೇಕಲ್ಲ? ಇಲ್ಲಿ ನಮ್ಮ ಕಲಾವಿದನಿಗೆ ಮರೆವು ಹೆಚ್ಚು ಅಷ್ಟೆ.

ಹಾಗಾಗಿ ನಮ್ಮ ಅಜ್ಜಿಯ ಕೆಲಸ ವಿಡಿಯೊದಿಂದ ಶುರುವಾಗುವುದಿಲ್ಲ, ನಿಂತ ಚಿತ್ರದಿಂದ ಶುರುವಾಗುತ್ತದೆ. ಚಿತ್ರ ಮಾಡುವ ಸಾಧನದಲ್ಲಿ ಮೊದಲು ಒಬ್ಬಳೇ ಒಬ್ಬ ಅಜ್ಜಿಯನ್ನು ಒಪ್ಪಿಕೊಳ್ಳಬೇಕು. ಆ ಚಿತ್ರವನ್ನೇ ಮಾದರಿಯಾಗಿಟ್ಟು ಅವಳ ಎದುರು, ಓರೆ, ಪಕ್ಕ ಮತ್ತು ಬೆನ್ನಿನ ನೋಟಗಳನ್ನು ಬೂದು ಹಿನ್ನೆಲೆಯಲ್ಲಿ, ನೆರಳಿಲ್ಲದ ಸಾದಾ ಬೆಳಕಿನಲ್ಲಿ ಮಾಡಿಸಿಕೊಳ್ಳಬೇಕು. ಸಂಜೆಯ ಹೊಂಬಿಸಿಲಿನಲ್ಲಿ ತೆಗೆದ ಮಾದರಿ ಕೊಟ್ಟರೆ, ಬೆಳಗಿನ ಶಾಟಿನಲ್ಲೂ ಅಜ್ಜಿಯ ಕೆನ್ನೆ ಹಳದಿಯಾಗಿಯೇ ಬರುತ್ತದೆ. ಉಡುಪನ್ನು ಆರಿಸುವಾಗಲೂ ಲೆಕ್ಕಾಚಾರ ಬೇಕು. ಇಳಕಲ್ ಸೀರೆಯ ದಡಿಯ ಕುಸುರಿಯನ್ನು ಈ ಸಾಧನಗಳು ಪ್ರತಿಸಲ ಹೊಸದಾಗಿ ನೇಯುತ್ತವೆ. ಮನಸ್ಸಿಗೆ ಬೇಸರವಾದರೂ ಸಾದಾ ಬಣ್ಣ, ಒಂದೇ ಅಗಲದ ಅಂಚು ಇರುವ ಸೀರೆಯೇ ವಾಸಿ. ದೂರದಿಂದ ನೋಡಿದರೂ ಇವಳೇ ಎಂದು ತಿಳಿಯುವ ಒಂದೆರಡು ಗುರುತು ಸಾಕು. ಬೆಳ್ಳಿ ತುರುಬು ಮತ್ತು ಉಕ್ಕಿನ ಚೌಕಟ್ಟಿನ ಕನ್ನಡಕ ಇಟ್ಟುಕೊಳ್ಳೋಣ.

ಪಾತ್ರದ ವರ್ಣನೆಯನ್ನು ಒಮ್ಮೆ ಬರೆದಿಟ್ಟುಕೊಂಡು ಅಕ್ಷರವೂ ಬದಲಾಗದಂತೆ ಅಂಟಿಸುತ್ತ ಹೋಗಬೇಕು. ಒಂದು ಕಡೆ ‘ವಯಸ್ಸಾದವಳು’, ಇನ್ನೊಂದು ಕಡೆ ‘ಮುದುಕಿ’ ಎಂದರೆ ಮುಖವೂ ಬೇರೆಯಾದೀತು. ಮಾದರಿ ಚಿತ್ರಗಳ ಜೊತೆ ಕೊಡುವ ಪ್ರಾಂಪ್ಟ್ ಹೀಗಿರುತ್ತದೆ. ಶಾಟಿನಿಂದ ಶಾಟಿಗೆ ಬದಲಾಗುವುದು ಕೊನೆಯ ಸಾಲು ಮಾತ್ರ:

```
70-year-old Indian woman, silver hair in a bun,
steel-rimmed glasses, plain green cotton sari
with one broad red border, pallu over her left shoulder
SHOT: medium shot, seated on the veranda, facing the road
```

ಇದರಲ್ಲಿ ಮೂಗುಬೊಟ್ಟನ್ನು ಬೇಕೆಂದೇ ಬಿಟ್ಟಿದೆ. ಎಡಬಲದ ವಿಷಯದಲ್ಲಿ ಈ ಸಾಧನಗಳನ್ನು ನಂಬುವಂತಿಲ್ಲ. ಅಜ್ಜಿಯ ಬಲವೋ ನೋಡುವವರ ಬಲವೋ ಎಂಬಲ್ಲೇ ಎಡವುತ್ತವೆ. ಅಷ್ಟು ಚಿಕ್ಕ ಒಡವೆ ಮಾದರಿ ಚಿತ್ರದಿಂದಲೇ ಬರಬೇಕು. ಸೆರಗನ್ನಂತೂ ಪ್ರತಿ ಚಿತ್ರದಲ್ಲೂ ಕಣ್ಣಿಟ್ಟು ನೋಡಬೇಕು. ಯಂತ್ರಕ್ಕೆ ಅದು ಬರೀ ಬಟ್ಟೆಯ ಮಡಿಕೆ, ನಮ್ಮ ಪ್ರೇಕ್ಷಕರಿಗೆ ಬಲ ಹೆಗಲಿನ ಸೆರಗು ತಕ್ಷಣ ಕಣ್ಣಿಗೆ ಹೊಡೆಯುತ್ತದೆ.

ಅಜ್ಜಿಯಷ್ಟೇ ಮುಖ್ಯ ಅವಳ ಜಗಲಿ. ಯಾರೂ ಇಲ್ಲದ ಖಾಲಿ ಜಗಲಿಯ ಅಗಲ ನೋಟವೊಂದನ್ನು ಮೊದಲು ಮಾಡಿಸಿ, ಕಂಬ, ಬಾಗಿಲು, ಮೆಟ್ಟಿಲು ಎಲ್ಲಿವೆ ಎಂದು ಕಾಗದದ ಮೇಲೆ ಗುರುತು ಹಾಕಿಕೊಳ್ಳುವುದು ಒಳ್ಳೆಯದು. ಕಷ್ಟ ಬರುವುದು ಕ್ಯಾಮೆರಾ ತಿರುಗಿದಾಗ. ಅಂಗಳದಿಂದ ಜಗಲಿಯನ್ನು ನೋಡುವ ಚಿತ್ರ ಕೊಟ್ಟು, ಇನ್ನು ಜಗಲಿಯಿಂದ ರಸ್ತೆಯನ್ನು ತೋರಿಸು ಎಂದರೆ, ಆ ದಿಕ್ಕಿನಲ್ಲಿ ಏನಿದೆಯೆಂದು ಸಾಧನಕ್ಕೆ ತಿಳಿಯುವ ದಾರಿಯೇ ಇಲ್ಲ, ತೋಚಿದ್ದನ್ನು ತುಂಬುತ್ತದೆ. ಒಂದು ಸಲ ಅಡಿಕೆ ತೋಟ, ಮತ್ತೊಂದು ಸಲ ಬೋಳುಗುಡ್ಡ. ಆದ್ದರಿಂದ ರಸ್ತೆಯ ನೋಟಕ್ಕೂ ಪ್ರತ್ಯೇಕ ಖಾಲಿ ಚಿತ್ರ ಇರಲೇಬೇಕು.

ಇವೆಲ್ಲ ಕೈಗೆ ಬಂದ ಮೇಲೆ ಅಜ್ಜಿಯನ್ನೂ ಜಗಲಿಯನ್ನೂ ಕೂಡಿಸಿ ಐದು ಶಾಟಿನ ಐದು ಮೊದಲ ಚೌಕಟ್ಟುಗಳನ್ನು ನಿಂತ ಚಿತ್ರಗಳಾಗಿಯೇ ಸಿದ್ಧಮಾಡಿ, ಒಂದರ ಪಕ್ಕ ಒಂದು ಹರಡಿ ಹೋಲಿಸಬೇಕು. ತಪ್ಪು ಹಿಡಿಯುವ ಜಾಗ ಇದು. ನಿಂತ ಚಿತ್ರವನ್ನು ತಿದ್ದುವುದು ಅಗ್ಗ, ವಿಡಿಯೊವನ್ನು ಮತ್ತೆ ಮಾಡಿಸುವುದು ದುಬಾರಿ. ಎಲ್ಲ ಸರಿಯಿದ್ದರೆ ಪ್ರತಿ ಚೌಕಟ್ಟನ್ನೂ ವಿಡಿಯೊ ಸಾಧನಕ್ಕೆ ಕೊಟ್ಟು ಚಲನೆಯನ್ನಷ್ಟೇ ಕೇಳಬೇಕು: ತಲೆ ತಿರುಗಿಸುತ್ತಾಳೆ, ಕ್ಯಾಮೆರಾ ನಿಧಾನವಾಗಿ ಹತ್ತಿರ ಹೋಗುತ್ತದೆ. ಇಲ್ಲಿ ಸೀರೆಯ ವರ್ಣನೆಯನ್ನು ಮತ್ತೆ ಕೊಟ್ಟರೆ ಚಿತ್ರಕ್ಕೂ ಮಾತಿಗೂ ಜಗಳ ಹತ್ತಬಹುದು.

ಅನೇಕರು ಹಿಡಿಯುವ ಇನ್ನೊಂದು ಅಡ್ಡದಾರಿ, ಒಂದು ಕ್ಲಿಪ್ಪಿನ ಕೊನೆಯ ಚೌಕಟ್ಟನ್ನೇ ಮುಂದಿನದಕ್ಕೆ ಮೊದಲ ಚೌಕಟ್ಟಾಗಿ ಕೊಡುವುದು. ಒಂದು ಸಲಕ್ಕೆ ಪರವಾಗಿಲ್ಲ. ಮೂರ್ನಾಲ್ಕು ಸಲ ಹೀಗೆ ಮಾಡಿದರೆ ಬಣ್ಣ ಗಾಢವಾಗುತ್ತ, ಚರ್ಮ ಮೇಣದಂತಾಗುತ್ತ ಹೋಗುತ್ತದೆ, ಏಕೆಂದರೆ ಹಿಂದಿನ ಕ್ಲಿಪ್ಪಿನ ಸಣ್ಣ ದೋಷವೂ ಮುಂದಿನದಕ್ಕೆ ಸತ್ಯವೇ. ಕೊನೆಯ ಚೌಕಟ್ಟಿನಲ್ಲಿ ಅಜ್ಜಿ ಬೆನ್ನು ತಿರುಗಿಸಿದ್ದರಂತೂ ಮುಗಿಯಿತು. ಅವಳು ಮತ್ತೆ ಇತ್ತ ತಿರುಗಿದಾಗ ಕಾಣುವುದು ಯಂತ್ರ ಆಗಷ್ಟೇ ಹುಟ್ಟಿಸಿದ ಮುಖ. ಪ್ರತಿ ಶಾಟಿಗೂ ಮೂಲ ಮಾದರಿಗೇ ಮರಳುವುದು ನನ್ನ ಮಟ್ಟಿಗೆ ಸರಿಯಾದ ದಾರಿ.

ಇಷ್ಟಾದರೂ ಕೆಲವು ಉಳಿಯುತ್ತವೆ. ಬಸ್ಸಿನ ಬೋರ್ಡಿನ ಕನ್ನಡ ಅಕ್ಷರ ಸಾಮಾನ್ಯವಾಗಿ ಕಲಸುಮೇಲೋಗರವಾಗುತ್ತದೆ. ಬೋರ್ಡನ್ನು ಖಾಲಿ ಬಿಡಿಸಿ, ಊರಿನ ಹೆಸರನ್ನು ಸಂಕಲನದಲ್ಲಿ ಅಂಟಿಸುವುದೇ ಸಲೀಸು. ಅಜ್ಜಿ ಮೊಮ್ಮಗನನ್ನು ತಬ್ಬಿಕೊಳ್ಳುವ ಶಾಟು ಇನ್ನೂ ಪೇಚಿನದು. ಎರಡು ಮೈ ಒಂದನ್ನೊಂದು ಮುಚ್ಚಿದಾಗ ಗುರುತುಗಳು ಅದಲುಬದಲಾಗಿ ಕನ್ನಡಕ ಹುಡುಗನ ಮುಖ ಸೇರಬಹುದು. ಅಲ್ಲಿ ಅವನ ಬೆನ್ನ ಹಿಂದಿನಿಂದ ಅಜ್ಜಿಯ ಮುಖವನ್ನಷ್ಟೇ ಎರಡು ಸೆಕೆಂಡು ತೋರಿಸಿ, ಅವನ ಚೀಲ ಹಿಡಿದ ಕೈಯ ಹತ್ತಿರದ ನೋಟಕ್ಕೆ ಕತ್ತರಿಸಿಬಿಡುವುದು ಮೇಲು.