ಮುಂಡಾಸು, ಕಿರೀಟ, ಚುಟ್ಟಿ: ಯಕ್ಷಗಾನದ ವೇಷ ಓದುವ ಬಗೆ

ಯಕ್ಷಗಾನದ ವೇಷ ಹೇಳುವುದು ಪಾತ್ರದ ಹೆಸರನ್ನಲ್ಲ, ಪಾತ್ರದ ಜಾತಿಯನ್ನು. ರಂಗಕ್ಕೆ ಬಂದವನು ಎಳೆಯ ವೀರನೋ, ಪಳಗಿದ ಯೋಧನೋ, ಸಿಂಹಾಸನದ ಅರಸನೋ, ರಕ್ಕಸನೋ ಎಂಬುದು ಅವನು ಬಾಯಿ ತೆರೆಯುವ ಮೊದಲೇ ತಿಳಿಯುತ್ತದೆ. ಅವನು ಅಭಿಮನ್ಯುವೋ ಬಭ್ರುವಾಹನನೋ ಎಂಬುದು ಮಾತ್ರ ಭಾಗವತರ ಪದ್ಯದಿಂದ, ವೇಷಧಾರಿಯ ಅರ್ಥದಿಂದ ತಿಳಿಯಬೇಕು. ಈ ವ್ಯತ್ಯಾಸ ಮನಸ್ಸಿನಲ್ಲಿದ್ದರೆ ವೇಷ ಓದುವುದು ಕಷ್ಟವಲ್ಲ.

ಮೊದಲು ನೋಡಬೇಕಾದದ್ದು ತಲೆ. ಕುಂದಾಪುರದ ಸೀಮೆಯಿಂದ ಉತ್ತರ ಕನ್ನಡದ ಕಡೆಗೆ ಹಬ್ಬಿರುವ ಬಡಗುತಿಟ್ಟಿನಲ್ಲಿ ಗಂಡುವೇಷಗಳ ಭೇದವೆಲ್ಲ ಹೆಚ್ಚುಕಡಿಮೆ ತಲೆಯ ಮೇಲೆಯೇ ಇದೆ. ಹರೆಯದ ವೀರರಿಗೆ ಕೇದಗೆ ಮುಂದಲೆ: ಕೇದಗೆಯ ಎಸಳಿನಂತೆ ಮೇಲಕ್ಕೆ ಚೂಪಾಗುವ, ಹಗುರವಾದ, ಹಣೆಯ ಮೇಲೆ ನೆಟ್ಟಗೆ ನಿಲ್ಲುವ ಕಟ್ಟು. ಅಭಿಮನ್ಯು, ಬಭ್ರುವಾಹನ, ವೃಷಸೇನರ ತಲೆಯಲ್ಲಿ ಇದೇ ಇರುತ್ತದೆ. ಕೃಷ್ಣನಿಗೂ ಇದೇ. ದಿಗಿಣ ಹಾಕಿ ಸುತ್ತುವ ವೇಷಗಳಿಗೆ ಭಾರದ ಶಿರೋಭೂಷಣ ಒಗ್ಗುವುದೂ ಇಲ್ಲ. ಈ ಪುಂಡುವೇಷಗಳಿಗೆ ಮೀಸೆಯಿಲ್ಲ ಎಂಬುದು ಇನ್ನೊಂದು ಗುರುತು.

ಕರ್ಣಾರ್ಜುನರಂಥ ಪ್ರೌಢ ವೀರರಿಗೆ ಮುಂಡಾಸು. ಇದು ಸಿದ್ಧವಾಗಿ ಪೆಟ್ಟಿಗೆಯಿಂದ ಬರುವ ವಸ್ತುವಲ್ಲ. ಹುಲ್ಲನ್ನು ಬಟ್ಟೆಯಲ್ಲಿ ಸುತ್ತಿ ಮಾಡಿದ ಅಟ್ಟೆಯನ್ನು ತಲೆಗೆ ಬಿಗಿದು, ಅದರ ಮೇಲೆ ಕಪ್ಪು ಬಟ್ಟೆ ಸುತ್ತಿ, ಜರಿಯ ಪಟ್ಟಿಗಳನ್ನು ಎಳೆದು, ಪ್ರತಿ ರಾತ್ರಿಯೂ ಹೊಸದಾಗಿ ಕಟ್ಟಬೇಕು. ಕಟ್ಟು ಸಡಿಲವಾದರೆ ಕುಣಿತದ ನಡುವೆ ವಾಲುತ್ತದೆ, ತೀರ ಬಿಗಿಯಾದರೆ ತಲೆ ಸಿಡಿಯುತ್ತದೆ. ಮುಂಡಾಸು ಕಪ್ಪಲ್ಲದೆ ಕೆಂಪಾಗಿದ್ದರೆ ಬಂದವನು ಕುರುವಂಶದವನಲ್ಲ, ಗಂಧರ್ವನೋ ಕಿರಾತನೋ ಎಂದು ಹಳಬರು ಊಹಿಸುತ್ತಾರೆ. ಸಭೆ ನಡೆಸುವ ಅರಸರಿಗೆ, ದೇವತೆಗಳಿಗೆ ಕಿರೀಟ. ಹಗುರ ಮರದಲ್ಲಿ ಕೆತ್ತಿ, ಬೇಗಡೆ ಅಂಟಿಸಿ, ಕನ್ನಡಿಯ ಚೂರು ಕೂರಿಸಿದ ಈ ಕಿರೀಟಗಳು ದೀಪದ ಬೆಳಕನ್ನು ಸಭೆಯತ್ತ ತಿರುಗಿಸುತ್ತವೆ.

ತಲೆಯ ನಂತರ ಮುಖ. ವೀರರ, ಅರಸರ ಮುಖಕ್ಕೆ ಸಫೇದ, ಹರದಾಳ, ಇಂಗಳಿಕ ಕಲಸಿದ ಹಳದಿ ಬೆರೆತ ಗುಲಾಬಿ ಬಣ್ಣದ ತಳ. ಹಳೆಯ ದೊಂದಿಯ ಬೆಳಕಿಗೆ ಹೊಂದುವಂತೆ ಹುಟ್ಟಿದ ಬಣ್ಣ ಇದು. ವಿದ್ಯುದ್ದೀಪದಲ್ಲಿ ಕೆಲವೊಮ್ಮೆ ಅತಿಯಾಗಿ ಕಾಣುವುದು ಅದಕ್ಕೇ. ಹಣೆಯ ನಾಮವೂ ಒಂದು ಸುಳಿವು. ಉದ್ದನೆಯದು ವಿಷ್ಣುವಿನ ಕಡೆಯವರಿಗೆ, ಅಡ್ಡ ವಿಭೂತಿ ಶಿವಭಕ್ತರಿಗೆ. ಮುಖದಲ್ಲಿ ಕಪ್ಪು ಕೆಂಪು ಹೆಚ್ಚಿ ಚರ್ಮವೇ ಕಾಣದಂತಾದರೆ ಬಂದದ್ದು ರಾಕ್ಷಸ.

ಉಡುಪಿನ ಬಣ್ಣ ಇವೆರಡರಷ್ಟು ನಿಖರವಲ್ಲ. ಬಡಗಿನ ಕೆಂಪು ಹಳದಿ ಚೌಕಳಿಯ ಕಸೆಸೀರೆಯನ್ನು ನಾಯಕನೂ ಪ್ರತಿನಾಯಕನೂ ಉಡುತ್ತಾರೆ. ದಗಲೆ ಕಪ್ಪಾದರೆ ರಕ್ಕಸ ಎನ್ನಲು ಅಡ್ಡಿಯಿಲ್ಲ. ಕೆಂಪು, ಹಸಿರು ದಗಲೆಗಳಿಂದ ಮಾತ್ರ ಪಾತ್ರ ಯಾವುದೆಂದು ತೀರ್ಮಾನಿಸುವುದು ಅವಸರವಾದೀತು.

ಕರ್ಣಾರ್ಜುನ ಕಾಳಗದಲ್ಲಿ ಈ ಓದಿನ ಬಲವೂ ಮಿತಿಯೂ ಒಟ್ಟಿಗೆ ಕಾಣುತ್ತವೆ. ಬಡಗಿನ ರಂಗದಲ್ಲಿ ಇಬ್ಬರು ಮುಂಡಾಸಿನವರು ಎದುರುಬದುರಾಗಿರುತ್ತಾರೆ. ಒಬ್ಬನ ಜೊತೆ ಕೇದಗೆ ಮುಂದಲೆಯ, ಮೀಸೆಯಿಲ್ಲದ ವೇಷ ಇದೆ. ಮುಂಡಾಸುಗಳು ಹೇಳುವುದು ಇಬ್ಬರೂ ಸರಿಸಮ ಯೋಧರೆಂದು ಮಾತ್ರ. ಅರ್ಜುನ ಯಾರೆಂದು ಹೇಳುವುದು ಪಕ್ಕದಲ್ಲಿರುವ ಮುಂದಲೆ, ಅಂದರೆ ಕೃಷ್ಣ. ಹೀಗೆ ಒಂದು ವೇಷವನ್ನು ಇನ್ನೊಂದರ ಜೊತೆಗಿಟ್ಟು ನೋಡಬೇಕಾಗುತ್ತದೆ. ಅಣ್ಣತಮ್ಮಂದಿರು ಒಂದೇ ಬಗೆಯ ವೇಷ ಕಟ್ಟಿ ಶತ್ರುಗಳಾಗಿ ನಿಂತಿರುವುದನ್ನು ಕಥೆ ಬಲ್ಲವರು ಬೇರೆಯೇ ರೀತಿ ನೋಡಿಯಾರು.

ಉಡುಪಿಯಿಂದ ಕಾಸರಗೋಡಿನವರೆಗಿನ ತೆಂಕುತಿಟ್ಟಿಗೆ ಬಂದರೆ ಕಣ್ಣು ಸೆಳೆಯುವುದು ಬಣ್ಣದ ವೇಷ. ಇದರಲ್ಲಿ ಮೂರು ಬಗೆ. ರಾವಣ, ಮೈರಾವಣರಂಥ ಆಳುವ ರಾಕ್ಷಸರು ರಾಜಬಣ್ಣ. ಕಿರ್ಮೀರನಂಥ ಕಾಡಿನ ರಕ್ಕಸರು ಕಾಟುಬಣ್ಣ. ಶೂರ್ಪನಖಿ, ತಾಟಕಿ, ಪೂತನಿಯರು ಹೆಣ್ಣುಬಣ್ಣ. ಹನುಮಂತ, ನರಸಿಂಹ, ಮಹಿಷಾಸುರರು ಈ ಗುಂಪುಗಳಾಚೆ ತಮ್ಮದೇ ಗುರುತುಳ್ಳವರು. ಮಹಿಷನ ಕೊಂಬು ಕಂಡವರಿಗೆ ಬೇರೆ ಪರಿಚಯ ಬೇಡ. ಭೀಮನಿಗೂ ತೆಂಕಿನಲ್ಲಿ ಅವನ ಹೆಸರಿನದೇ ಶಿರೋಭೂಷಣವಿದೆ, ಭೀಮನ ಮುಡಿ.

ಬಣ್ಣದ ವೇಷದ ಜೀವ ಚುಟ್ಟಿಯಲ್ಲಿದೆ. ಅಕ್ಕಿಹಿಟ್ಟು, ಸುಣ್ಣ ಸೇರಿಸಿ ಅರೆದ ಬಿಳಿ ಹದವನ್ನು ಸಣ್ಣ ಕಡ್ಡಿಯ ತುದಿಯಲ್ಲಿ ತೆಗೆದು ಮುಖದ ಮೇಲೆ ಮುಳ್ಳುಮುಳ್ಳಾಗಿ ಇಡುತ್ತ ಹೋಗಬೇಕು. ಒಂದು ಸಾಲು ಒಣಗಿದ ಮೇಲೆ ಅದರ ಮೇಲೆ ಮತ್ತೆ ಇಟ್ಟು ಎತ್ತರಿಸಬೇಕು. ಇದನ್ನು ಇಡುವವನು ವೇಷಧಾರಿಯೇ. ಕನ್ನಡಿ ಹಿಡಿದು ಕುಳಿತರೆ ಮೂರು ನಾಲ್ಕು ಗಂಟೆ ಬೇಕು. ಹದ ನೀರಾದರೆ ಮುಳ್ಳು ಕುಸಿಯುತ್ತದೆ, ಗಟ್ಟಿಯಾದರೆ ಉದುರುತ್ತದೆ. ಚುಟ್ಟಿ ಒಣಗಿದ ಮೇಲೆ ಮುಖದ ಸ್ನಾಯು ಹೆಚ್ಚು ಆಡುವುದಿಲ್ಲ. ಹಾಗಾಗಿ ಬಣ್ಣದ ವೇಷದ ಅಭಿನಯವೆಲ್ಲ ಕಣ್ಣು, ಕೈ, ಅಟ್ಟಹಾಸಗಳಲ್ಲಿ.

ಈ ಬಿಗಿತದಿಂದಲೇ ಪಂಚವಟಿಯಲ್ಲಿ ಒಂದು ವಿಶೇಷ ಹುಟ್ಟಿದೆ. ಶೂರ್ಪನಖಿ ಮೊದಲು ಹೆಣ್ಣುಬಣ್ಣವಾಗಿ ತೆರೆಯ ಹಿಂದಿನಿಂದ ಬರುತ್ತಾಳೆ. ಸ್ನಾನ, ತಲೆ ಬಾಚಿಕೊಳ್ಳುವ ಶೃಂಗಾರವನ್ನೆಲ್ಲ ನಗೆ ತರಿಸುವಂತೆ ಕುಣಿದು ತೋರಿಸುತ್ತಾಳೆ. ರಾಮನನ್ನು ಕಂಡು ಸುಂದರಿಯಾಗಬೇಕೆಂದಾಗ ಅದೇ ವೇಷಧಾರಿ ರೂಪ ಬದಲಿಸಲಾರ. ಚುಟ್ಟಿ ಕಳಚಿ ಬರುವಷ್ಟು ಹೊತ್ತು ಕಥೆ ಕಾಯುವುದಿಲ್ಲ. ಬಣ್ಣದವನು ಒಳಗೆ ಹೋದಂತೆ, ಸೀರೆಯುಟ್ಟ ಬೇರೊಬ್ಬ ಸ್ತ್ರೀವೇಷಧಾರಿ ಮಾಯಾ ಶೂರ್ಪನಖಿಯಾಗಿ ರಂಗಕ್ಕೆ ಬರುತ್ತಾನೆ. ಒಬ್ಬಳೇ ಪಾತ್ರ, ಇಬ್ಬರು ನಟರು, ಎರಡು ವೇಷಜಾತಿ. ವೇಷ ಓದಬಲ್ಲ ಪ್ರೇಕ್ಷಕನಿಗೆ ಇಲ್ಲಿ ಗೊಂದಲವಾಗುವುದಿಲ್ಲ. ಸ್ತ್ರೀವೇಷ ರಾಮನಿಗೆ ಕಾಣುವ ರೂಪ, ಹೆಣ್ಣುಬಣ್ಣ ನಿಜರೂಪ ಎಂದು ಅವನಿಗೆ ಆಗಲೇ ಗೊತ್ತಿರುತ್ತದೆ; ಗೊತ್ತಿಲ್ಲದವನು ರಾಮ.

ಈ ಗುರುತುಗಳು ಇಂದು ಎಲ್ಲೆಡೆ ಒಂದೇ ಬಿಗಿಯಲ್ಲಿ ಉಳಿದಿಲ್ಲ. ಬೆಳಗಿನವರೆಗಿನ ಆಟ ಕೆಲವೇ ಗಂಟೆಗಳ ಕಾಲಮಿತಿಗೆ ಇಳಿದಾಗ ಚುಟ್ಟಿಗೆ ಸಮಯ ಸಿಗದೆ ಎಷ್ಟೋ ಕಡೆ ಬರೀ ಬಿಳಿ ಬಣ್ಣದ ಚುಕ್ಕಿಗಳು ಬಂದಿವೆ. ಕ್ಯಾಲೆಂಡರ್ ಚಿತ್ರಗಳ, ಸಿನಿಮಾದ ಪ್ರಭಾವದಿಂದ ದೇವದೇವಿಯರ ವೇಷ ಬದಲಾಗಿದೆ. ಹೊಸ ಪ್ರಸಂಗಗಳಲ್ಲಿ ನಾಟಕದ ಉಡುಪೂ ಸೇರಿದೆ; ಅಲ್ಲಿ ಹಳೆಯ ಓದು ನಡೆಯದು. ಬಡಗಿನ ಹಳೆಯ ಕ್ರಮ ತಿಳಿಯಬೇಕೆಂದರೆ ಶಿವರಾಮ ಕಾರಂತರ 'ಯಕ್ಷಗಾನ ಬಯಲಾಟ' ಈಗಲೂ ಒಳ್ಳೆಯ ಆಸರೆ; 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಕೃತಿಯದು.

ಪುಸ್ತಕಕ್ಕಿಂತ ಬೇಗ ಕಲಿಸುವುದು ಚೌಕಿ. ಬಣ್ಣದ ವೇಷ ರಂಗಕ್ಕೆ ಬರುವುದು ಸಾಮಾನ್ಯವಾಗಿ ರಾತ್ರಿ ಬಲಿತ ಮೇಲೆ, ಹಾಗಾಗಿ ಆಟ ಶುರುವಾದ ಮೇಲೂ ಚುಟ್ಟಿ ಇಡುವ ಕೆಲಸ ನಡೆದೇ ಇರುತ್ತದೆ. ಪೂರ್ಣರಾತ್ರಿಯ ಆಟಕ್ಕೆ ಹೋದವರು ನಡುವೆ ಒಮ್ಮೆ ಎದ್ದು, ಕೆಲಸಕ್ಕೆ ಅಡ್ಡಿಯಾಗದಂತೆ ಚೌಕಿಯ ಬಾಗಿಲಲ್ಲಿ ನಿಂತು ನೋಡಲಿ.